ರೇಡಿಯೊ ಜಾಹೀರಾತಿನಲ್ಲಿ ಫೋನ್ ನಂಬರೋ, ವೆಬ್ ವಿಳಾಸವೋ?

ಮೂವತ್ತು ಸೆಕೆಂಡಿನ ಜಾಹೀರಾತಿನಲ್ಲಿ ಎರಡನ್ನೂ ತುರುಕಿದರೆ ಎರಡೂ ಉಳಿಯುವುದಿಲ್ಲ. ಒಂದನ್ನೇ ಆರಿಸಿ.

ಹತ್ತು ಅಂಕಿಗಳನ್ನು ಒಂದೇ ಉಸಿರಿನಲ್ಲಿ ಓದಿದರೆ ಕೇಳುಗನಿಗೆ ಎಲ್ಲವೂ ನೆನಪಿರುವುದು ಕಷ್ಟ. ಐದೈದಾಗಿ ಒಡೆದು, ನಡುವೆ ನಿಲ್ಲಿಸಿ, ಎರಡು ಬಾರಿ ಹೇಳಿ. ‘ಡಬಲ್ ಸೆವೆನ್’ ಬೇಡ, ‘ಏಳು, ಏಳು’ ಎನ್ನಿ. ಇಂಗ್ಲಿಷಿನ ‘ಫೈವ್’, ‘ನೈನ್’ ಗದ್ದಲದಲ್ಲಿ ಒಂದೇ ಆಗಿ ಕೇಳಿಸುತ್ತವೆ. ‘ಐದು’, ‘ಒಂಬತ್ತು’ ಹಾಗಲ್ಲ.

ವೆಬ್ ವಿಳಾಸ ನೆನಪಿಗೆ ಸುಲಭ, ಕಾಗುಣಿತಕ್ಕೆ ಕಷ್ಟ. ‘ಲಕ್ಷ್ಮಿ ಬೀಜ’ ಎಂದು ಕೇಳಿದವರು lakshmi ಎಂದೂ laxmi ಎಂದೂ ಟೈಪಿಸುತ್ತಾರೆ. ಇಂಥ ಹೆಸರಿದ್ದರೆ ಎರಡೂ ವಿಳಾಸ ಕೊಂಡು ಒಂದಕ್ಕೇ ತಿರುಗಿಸಬೇಕು, ಅದು ವರ್ಷವರ್ಷದ ಖರ್ಚು. ಹೈಫನ್ ಇದ್ದರಂತೂ ಓದಲೇಬೇಡಿ.

ತಕ್ಷಣ ಕರೆ ಮಾಡಬೇಕಾದ ರೈತರಿಗೆ ನಂಬರ್. ವಾಹನ ಓಡಿಸುತ್ತ ಕೇಳಿ, ಸಂಜೆ ಹುಡುಕುವವರಿಗೆ ವಿಳಾಸ.