ಡಕ್ಟ್ ಫ್ಯಾನಿನ ವೇಗ ಎಷ್ಟಿರಬೇಕು: ಒಂದೇ ಫ್ಯಾನ್, ಮೂರು ಲೆಕ್ಕ

ಸೆಕೆಂಡಿಗೆ 1.5 ಘನ ಮೀಟರ್ ಗಾಳಿ ಸಾಗಿಸುವ ಒಂದು ಡಕ್ಟ್ ಇದೆ ಎಂದುಕೊಳ್ಳಿ. ಬೆಲ್ಟಿನಿಂದ ತಿರುಗುವ ಸೆಂಟ್ರಿಫ್ಯೂಗಲ್ ಫ್ಯಾನ್ 1000 ಆರ್‌ಪಿಎಂನಲ್ಲಿ 360 ಪ್ಯಾಸ್ಕಲ್ ಒತ್ತಡ ಏರಿಸುತ್ತಿದೆ. ಈಗ ಡಕ್ಟಿಗೆ ಹೊಸ ಫಿಲ್ಟರ್ ಸೇರುತ್ತದೆ. ಬದಲಿಸುವ ಹೊತ್ತಿಗೆ ಎಷ್ಟು ಕಟ್ಟಿಕೊಂಡಿರುತ್ತದೋ ಆ ಸ್ಥಿತಿಯಲ್ಲಿ ಅದು 1.5 ಘನ ಮೀಟರ್ ಹರಿವಿಗೆ 180 ಪ್ಯಾಸ್ಕಲ್ ತಿನ್ನುತ್ತದೆ. ಹರಿವು ಮೊದಲಿನಷ್ಟೇ ಉಳಿಯಬೇಕಾದರೆ ಫ್ಯಾನ್ 540 ಪ್ಯಾಸ್ಕಲ್ ಕೊಡಬೇಕು. ಮೋಟರ್ 1.5 ಕಿಲೋವ್ಯಾಟ್‌ನದು, ಅದನ್ನು ಬದಲಿಸುವ ಹಾಗಿಲ್ಲ. ವೇಗ ಎಷ್ಟಿಡಬೇಕು?

ಇದಕ್ಕೆ ಬಳಕೆಯಲ್ಲಿರುವ ದಾರಿಗಳು ಮೂರು. ಮೂರರ ಬೆನ್ನಿಗೂ ಇರುವುದು ಅದೇ ಫ್ಯಾನ್ ನಿಯಮ: ಹರಿವು ವೇಗದಂತೆ, ಒತ್ತಡ ವೇಗದ ವರ್ಗದಂತೆ, ಶಾಫ್ಟಿನ ಶಕ್ತಿ ವೇಗದ ಘನದಂತೆ ಏರುತ್ತದೆ. ಆದರೂ ಉತ್ತರಗಳು ಬೇರೆ ಬೇರೆ ಬರುತ್ತವೆ. ಹೋಲಿಕೆಗೆ ಈ ಫ್ಯಾನಿನ 1000 ಆರ್‌ಪಿಎಂ ಕರ್ವನ್ನು ಹೀಗೆ ಇಟ್ಟುಕೊಳ್ಳೋಣ (Q ಘನ ಮೀಟರ್/ಸೆಕೆಂಡ್‌ನಲ್ಲಿ, p ಪ್ಯಾಸ್ಕಲ್‌ನಲ್ಲಿ):

```
p = 480 + 40*Q - 80*Q^2
```

ಮೊದಲನೆಯದು: ಹಳೆ ಒತ್ತಡದ ವರ್ಗಮೂಲ. 540ನ್ನು 360ರಿಂದ ಭಾಗಿಸಿದರೆ 1.5, ಅದರ ವರ್ಗಮೂಲ 1.225, ಅಂದರೆ 1225 ಆರ್‌ಪಿಎಂ. ಅರ್ಧ ನಿಮಿಷದ ಕೆಲಸ, ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಫ್ಯಾನನ್ನು ಆ ವೇಗದಲ್ಲಿ ಓಡಿಸಿದರೆ ಹರಿವು 1.59ಕ್ಕೂ ಒತ್ತಡ 595ಕ್ಕೂ ಹೋಗಿ ನಿಲ್ಲುತ್ತದೆ. ದಕ್ಷತೆ 60 ಶೇಕಡಾ ಎಂದು ಹಿಡಿದರೆ ಶಾಫ್ಟಿಗೇ 1.58 ಕಿಲೋವ್ಯಾಟ್ ಬೇಕು. ಬೆಲ್ಟಿನ ನಷ್ಟ ಸೇರಿಸುವ ಮೊದಲೇ ಮೋಟರಿನ ಮಿತಿ ದಾಟಿತು.

ತಪ್ಪಿದ್ದೆಲ್ಲಿ? ಒತ್ತಡವನ್ನು ಒಂದೂವರೆ ಪಟ್ಟು ಮಾಡುವ ವೇಗ ಹರಿವನ್ನೂ 1.225 ಪಟ್ಟು ಮಾಡುತ್ತದೆ. ನಿಯಮದ ಪ್ರಕಾರ 540 ಪ್ಯಾಸ್ಕಲ್ ಸಿಗುವುದು 1.84 ಘನ ಮೀಟರ್ ಹರಿವಿನಲ್ಲಿ, ನಮಗೆ ಬೇಕಾದ 1.5ರಲ್ಲಿ ಅಲ್ಲ. ಡಕ್ಟಿನ ತಡೆ ಬದಲಾದ ಮೇಲೆ ಹಳೆ ಬಿಂದುವಿಗೂ ಹೊಸ ಬಿಂದುವಿಗೂ ನಂಟಿಲ್ಲ. ಡಕ್ಟನ್ನು ಮುಟ್ಟದೆ ಹರಿವನ್ನಷ್ಟೇ ಹೆಚ್ಚಿಸುವ ಸಂದರ್ಭದಲ್ಲಿ ಮಾತ್ರ ಈ ಲೆಕ್ಕ ನಂಬಬಹುದು.

ಎರಡನೆಯದು: ಫಿಲ್ಟರ್ ಕೂರಿಸಿ, ಅಳೆದು, ಅನುಪಾತ ಹಾಕುವುದು. ಇಲ್ಲಿ ಕನಿಷ್ಠ ಹೊಸ ಡಕ್ಟೇ ಮಾತಾಡುತ್ತದೆ. ಫಿಲ್ಟರಿನ ಪೂರ್ತಿ ತಡೆ ಇರುವಾಗ 1000 ಆರ್‌ಪಿಎಂನಲ್ಲಿ ಓಡಿಸಿದರೆ ಹರಿವು 1.257ಕ್ಕೆ ಇಳಿದು, ಒತ್ತಡ 404ಕ್ಕೆ ಏರುತ್ತದೆ. ಹರಿವಿನ ಅನುಪಾತ ಹಿಡಿದರೆ 1.5/1.257, ಅಂದರೆ 1193 ಆರ್‌ಪಿಎಂ. ಒತ್ತಡದ ವರ್ಗಮೂಲ ಹಿಡಿದರೆ 1156. ಅಳತೆಯಲ್ಲಿ ತಪ್ಪಿಲ್ಲ, ಎರಡೂ ಅದೇ ನಿಯಮದಿಂದ ಬಂದವು, ಆದರೂ 37 ಆರ್‌ಪಿಎಂ ಅಂತರ.

ಈ ಅಂತರವನ್ನು ಅಳತೆಯ ದೋಷ ಎಂದು ತಳ್ಳಿಹಾಕಬೇಡಿ, ಈ ವಿಧಾನದಿಂದ ಸಿಗುವ ಅತ್ಯಂತ ಬೆಲೆಯುಳ್ಳ ಮಾಹಿತಿ ಅದೇ. ಡಕ್ಟಿನ ಬಾಗು, ಕವಲು, ಡ್ಯಾಂಪರ್‌ಗಳಲ್ಲಿ ಒತ್ತಡ ನಷ್ಟ ಹೆಚ್ಚುಕಡಿಮೆ ಹರಿವಿನ ವರ್ಗದಂತೆ ಏರುತ್ತದೆ. ಫಿಲ್ಟರಿನ ನಾರುಗಳ ನಡುವೆ ಗಾಳಿ ತುಂಬ ನಿಧಾನವಾಗಿ ನುಸುಳುವುದರಿಂದ ಅಲ್ಲಿನ ನಷ್ಟ ಹರಿವಿಗೆ ಬಹುತೇಕ ನೇರ ಅನುಪಾತದಲ್ಲಿರುತ್ತದೆ. ಮೇಲಿನ ಅಂಕಿಗಳಲ್ಲಿ ಅದನ್ನು ಪ್ರತಿ ಘನ ಮೀಟರ್ ಹರಿವಿಗೆ 120 ಪ್ಯಾಸ್ಕಲ್ ಎಂದು ಹಿಡಿದಿದೆ. ಕೋಣೆಯನ್ನು ಸದಾ ಒಂದೇ ಒತ್ತಡದಲ್ಲಿ ಇಡಬೇಕಾದ ಕಡೆಯೂ ಇಂಥದ್ದೇ ಅಂತರ ಕಾಣುತ್ತದೆ. ಎರಡು ಉತ್ತರ ಒಂದೇ ಬಂದರೆ ಡಕ್ಟ್ ವರ್ಗದ ನಿಯಮ ಪಾಲಿಸುತ್ತಿದೆ, ಧೈರ್ಯವಾಗಿ ಮುಂದುವರಿಯಬಹುದು. ಬೇರೆ ಬಂದರೆ ಬೇಕಾದ ವೇಗ ಅವೆರಡರ ನಡುವೆ ಎಲ್ಲೋ ಇದೆ. ಇಲ್ಲಿ 1193 ಆರಿಸಿದರೆ ಹರಿವು 1.54 ಆಗುತ್ತದೆ, ಶಾಫ್ಟಿಗೆ 1.46 ಕಿಲೋವ್ಯಾಟ್, ಬೆಲ್ಟಿನ 5 ಶೇಕಡಾ ನಷ್ಟ ಸೇರಿದರೆ 1.53. ಮೋಟರಿಗೆ ಮತ್ತೆ ಹೊರೆಯೇ.

ಮೂರನೆಯದು: ಬೇಕಾದ ಬಿಂದುವಿನಿಂದ ಹಿಂದಕ್ಕೆ ಹೋಗುವುದು. ನನ್ನ ಆಯ್ಕೆ ಇದು. ಬೇಕಾದ ಬಿಂದುವಿನ ಮೂಲಕ, ಸೊನ್ನೆಯಿಂದ ಹೊರಡುವ ಒಂದು ವರ್ಗರೇಖೆ ಎಳೆಯಬೇಕು. 540ನ್ನು 1.5ರ ವರ್ಗದಿಂದ ಭಾಗಿಸಿದರೆ 240, ಆದ್ದರಿಂದ ರೇಖೆ `p = 240*Q^2`. ಇದು 1000 ಆರ್‌ಪಿಎಂ ಕರ್ವನ್ನು ಎಲ್ಲಿ ಕತ್ತರಿಸುತ್ತದೆ ಎಂದು ಹುಡುಕಿ. Q 1.2 ಇದ್ದಾಗ ರೇಖೆ 346, ಫ್ಯಾನ್ 413: ಫ್ಯಾನ್ ಇನ್ನೂ ಮೇಲಿದೆ. Q 1.3ಕ್ಕೆ ರೇಖೆ 406, ಫ್ಯಾನ್ 397: ದಾಟಿಹೋಯಿತು. ನಡುವೆ 1.289ರಲ್ಲಿ ಎರಡೂ ಸುಮಾರು 399. ಈಗ 1.5/1.289 ಎಂದರೆ 1.164. ವೇಗ 1164 ಆರ್‌ಪಿಎಂ. ಒತ್ತಡದಿಂದ ತಾಳೆ ನೋಡಿ: 1.164ರ ವರ್ಗವನ್ನು 399ಕ್ಕೆ ಗುಣಿಸಿದರೆ 540 ಬರುತ್ತದೆ.

ಈ ರೇಖೆ ಡಕ್ಟಿನದಲ್ಲ, ಅದನ್ನು ಮರೆಯಬಾರದು. ಫ್ಯಾನಿನ ಒಂದು ಕಾರ್ಯಬಿಂದು ವೇಗ ಬದಲಾದಂತೆ ಸಾಗುವ ದಾರಿ ಅದು. ಆದ್ದರಿಂದ ಡಕ್ಟಿನ ತಡೆ ವರ್ಗದಂತಿರಲಿ, ನೇರವಾಗಿರಲಿ, ಲೆಕ್ಕ ಕೆಡುವುದಿಲ್ಲ. ಶಾಫ್ಟಿಗೆ 1.35 ಕಿಲೋವ್ಯಾಟ್, ಬೆಲ್ಟ್ ಸೇರಿ 1.42. ಮೋಟರ್ ತಾಳುತ್ತದೆ, ಹೆಚ್ಚು ಅವಕಾಶವಿಲ್ಲದಿದ್ದರೂ.

ಇದಕ್ಕೆ ಫ್ಯಾನಿನ ನಂಬಲರ್ಹ ಕರ್ವ್ ಬೇಕು, ಕೊರತೆ ಇರುವುದು ಅಷ್ಟೇ. ತಯಾರಕರ ಕರ್ವ್ ಸಾಮಾನ್ಯವಾಗಿ 1.2 ಕೆಜಿ/ಘನ ಮೀಟರ್ ಸಾಂದ್ರತೆಯ ಗಾಳಿಗೆ ಬರೆದದ್ದು. ಗಾಳಿ 60 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಸಾಂದ್ರತೆ ಸುಮಾರು 1.06, ಆಗ ಕರ್ವಿನ ಮೇಲೆ 540 ಅಲ್ಲ, 611 ಹುಡುಕಬೇಕು. ಕರ್ವ್ ಒಟ್ಟು ಒತ್ತಡದ್ದೋ ಸ್ಥಿರ ಒತ್ತಡದ್ದೋ ಎಂಬುದನ್ನೂ ನೋಡಿಕೊಳ್ಳಿ, ಅದನ್ನು ಅದಲುಬದಲು ಮಾಡಿದರೆ ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಫಲವಿಲ್ಲ. ಕರ್ವ್ ಸಿಗದಿದ್ದರೆ ಎರಡನೆಯ ವಿಧಾನದಲ್ಲಿ ಎರಡೂ ಅನುಪಾತ ತೆಗೆದು, ಕಡಿಮೆ ಬಂದ ವೇಗದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸುವುದು ಸರಿ.

ಲೆಕ್ಕದ 1164ನ್ನು ಶಾಫ್ಟಿಗೆ ತರುವುದು ಹೇಗೆ? ಪುಲ್ಲಿಯಿಂದಲೇ ಎಂದರೆ, 1440 ಆರ್‌ಪಿಎಂ ಮೋಟರಿನ ಮೇಲೆ 125 ಮಿಮೀ ಪುಲ್ಲಿ ಇದ್ದಾಗ ಫ್ಯಾನಿಗೆ 154.6 ಮಿಮೀ ಬೇಕು. ಅಂಥ ಗಾತ್ರ ಸಿದ್ಧವಾಗಿ ಸಿಗುವುದಿಲ್ಲ. 150 ಹಾಕಿದರೆ 1200, 160 ಹಾಕಿದರೆ 1125. ಮೋಟರಿಗೆ ಹೋಗುವ ವಿದ್ಯುತ್ತಿನ ಹರ್ಟ್ಸ್ ಬದಲಿಸಿ ವೇಗ ಹೊಂದಿಸುವ ವಿಎಫ್‌ಡಿಯಿಂದಲೇ ಎಂದರೆ, ಹಳೆ ಪುಲ್ಲಿಗಳಲ್ಲಿ 50 ಹರ್ಟ್ಸ್‌ಗೆ 1000 ಬರುತ್ತಿದ್ದ ಕಾರಣ 58.2 ಹರ್ಟ್ಸ್ ಕೊಡಬೇಕು. 50 ದಾಟಿದ ಮೇಲೆ ವೋಲ್ಟೇಜ್ ಏರುವುದಿಲ್ಲ, ಮೋಟರಿನ ಟಾರ್ಕ್ ಇಳಿಯುತ್ತಾ ಹೋಗುತ್ತದೆ. ಫ್ಯಾನ್ ಕೇಳುವ ಟಾರ್ಕ್ ಮಾತ್ರ ವೇಗದ ವರ್ಗದಂತೆ ಏರುತ್ತದೆ. ಎರಡನ್ನೂ ಸೇರಿಸುವುದು ಒಳ್ಳೆಯದು: 150 ಮಿಮೀ ಪುಲ್ಲಿ ಹಾಕಿ ವಿಎಫ್‌ಡಿಯನ್ನು 48.5 ಹರ್ಟ್ಸ್‌ಗೆ ಇಡಿ. ಫಿಲ್ಟರ್ ಹೊಸದಿರುವಾಗ ಹರ್ಟ್ಸ್ ಇನ್ನೂ ಇಳಿಸಿ, ಕಟ್ಟಿಕೊಂಡಂತೆ ಏರಿಸಬಹುದು. ವಿಎಫ್‌ಡಿಯ ಮೇಲ್ಮಿತಿಯನ್ನು ಅಲ್ಲಿಗೇ ಕಟ್ಟಿಹಾಕಿ.

ಓಡಿಸುವ ಮೊದಲು ಫ್ಯಾನಿನ ತಗಡಿನ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ಓದಿ. ಓಡಿಸಿದ ಮೇಲೆ ಟ್ಯಾಕೋಮೀಟರನ್ನು ಫ್ಯಾನಿನ ಶಾಫ್ಟಿಗೇ ಹಿಡಿಯಿರಿ, ಮೋಟರಿನದಕ್ಕಲ್ಲ. ಬೆಲ್ಟ್ ಜಾರುತ್ತಿದ್ದರೆ ಲೆಕ್ಕದ ವೇಗಕ್ಕೂ ಅಲ್ಲಿ ಕಾಣುವ ವೇಗಕ್ಕೂ ವ್ಯತ್ಯಾಸ ಬರುತ್ತದೆ. ಶಾಫ್ಟಿನಲ್ಲಿ 1164 ಇದ್ದು, ಒತ್ತಡ 540ಕ್ಕಿಂತ ಹೆಚ್ಚು, ಹರಿವು ಕಡಿಮೆ ಕಂಡರೆ ಡಕ್ಟಿನ ತಡೆ ಅಂದಾಜಿಗಿಂತ ಜಾಸ್ತಿ ಇದೆ. ಒತ್ತಡ ಹರಿವು ಎರಡೂ ಕಡಿಮೆ ಕಂಡರೆ ಡಕ್ಟನ್ನು ಬಿಡಿ, ಫ್ಯಾನನ್ನು ನೋಡಿ: ಇಂಪೆಲರ್ ತಿರುಗು ಮುರುಗಾಗಿ ಸುತ್ತುತ್ತಿದೆಯೋ, ಬಾಯಿಗೆ ಅಂಟಿಕೊಂಡೇ ಒಂದು ಬಾಗು ಇದೆಯೋ ಎಂದು.