ಖಾಲಿ ಗೋಡೆಯೋ, ತುಂಬಿದ ಶೋಕೇಸೋ?

ಮಿತ ಅಲಂಕಾರವೋ, ತುಂಬು ಅಲಂಕಾರವೋ ಎಂಬುದನ್ನು ಚಿತ್ರಗಳನ್ನು ನೋಡಿ ನಿರ್ಧರಿಸುವ ಬದಲು, ನಡುಮನೆಯ ಶೋಕೇಸನ್ನು ಪೂರ್ತಿ ಬರಿದುಮಾಡಿ, ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು, ಬೇಕೆನಿಸಿದ್ದನ್ನಷ್ಟೇ ಹೊರತೆಗೆಯುತ್ತ ಒಂದು ತಿಂಗಳು ಕಳೆಯುವುದು ಒಳ್ಳೆಯದು. ನಮ್ಮ ಮನೆಯಲ್ಲಿ 40 ವಸ್ತುಗಳ ಪೈಕಿ 13 ಮರಳಿ ಬಂದವು: ಎರಡು ಹಿತ್ತಾಳೆ ದೀಪಗಳು, ಅಜ್ಜಿಯ ಕುಂಕುಮದ ಭರಣಿ ಮತ್ತು ಚನ್ನಪಟ್ಟಣದ ಹತ್ತು ಗೊಂಬೆಗಳು. ದೀಪ, ಭರಣಿಗಳು ನಿತ್ಯದ ಬಳಕೆಗೆ ಬಂದವು. ಗೊಂಬೆಗಳು ಬಂದದ್ದು ಕೇವಲ ಪ್ರೀತಿಯಿಂದ. ನವರಾತ್ರಿಯ ಪಟ್ಟದ ಗೊಂಬೆಗಳಿಗೆ ಈ ತಿಂಗಳ ಲೆಕ್ಕ ಸಲ್ಲದು, ಅವಕ್ಕೆ ವರ್ಷದ ಗಡುವು ಬೇಕು.

ಮರಳಿದವುಗಳಲ್ಲಿ ಬಳಕೆಯವೇ ಹೆಚ್ಚಿದ್ದರೆ ಮಿತ ಅಲಂಕಾರ ನಿಮಗೆ ಒಗ್ಗುತ್ತದೆ. ನಮ್ಮಲ್ಲಿ ಆದಂತೆ ಪ್ರೀತಿಯವೇ ಹೆಚ್ಚಿದ್ದರೆ ತುಂಬು ಅಲಂಕಾರವನ್ನೇ ಆರಿಸಬಹುದು. ಆದರೆ ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ, ಅರಗಿನ ಬಣ್ಣದ ಗೊಂಬೆಗಳನ್ನು ಒಣಬಟ್ಟೆಯಿಂದ ಒರೆಸುವ ಕೆಲಸಕ್ಕೆ ಬಿಡುವು ಬೇಕು. ಹಿಂದಿನ ಸಾಲಿನಲ್ಲಿ ಧೂಳು ಕೂತೇ ಇದ್ದರೆ, ಮೊದಲು ಆ ಸಾಲನ್ನೇ ತೆಗೆಯಿರಿ.