31 ಗಂಟೆ ನೆಟ್ ಇರಲಿಲ್ಲ, ಅವರ ವರದಿಯಲ್ಲಿ ಮಾತ್ರ ನೂರಕ್ಕೆ ನೂರು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಂಗಡಿಗೋ ಕ್ಲಿನಿಕ್ಕಿಗೋ ಆಫೀಸಿಗೋ ಲೀಸ್ಡ್ ಲೈನ್, ಅಂದರೆ ತಿಂಗಳ ಬಾಡಿಗೆಗೆ ಸಿಗುವ ಮೀಸಲು ಇಂಟರ್ನೆಟ್ ಲೈನ್, ಹಾಕಿಸಬೇಕು ಅಂತ ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಓದಿ. ನಾನು ಸಹಿ ಹಾಕಿದ ಮೇಲೆ ಓದಿದೆ.

ನಮ್ಮದು ಅಡಿಕೆ ವ್ಯಾಪಾರ. ಬದಿಯಡ್ಕದಲ್ಲಿ ಮುಖ್ಯ ಅಂಗಡಿ, ಪೆರ್ಲ ಮತ್ತು ಮುಳ್ಳೇರಿಯದಲ್ಲಿ ಒಂದೊಂದು ಖರೀದಿ ಅಂಗಡಿ. ಬಿಲ್ಲಿನ ಸರ್ವರ್ ಇರುವುದು ಬದಿಯಡ್ಕದಲ್ಲಿ. ಉಳಿದ ಎರಡೂ ಕಡೆ ತೂಕ ಹಾಕಿದ ಕೂಡಲೇ ಇಲ್ಲಿನ ಲೈನ್ ಮೂಲಕವೇ ಬಿಲ್ ಆಗಬೇಕು. ಅದಕ್ಕಾಗಿಯೇ ತಿಂಗಳಿಗೆ 12,000 ರೂಪಾಯಿ ಕೊಟ್ಟು ಲೀಸ್ಡ್ ಲೈನ್ ತೆಗೆದುಕೊಂಡೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಒಪ್ಪಂದ ಬೇರೆಯವರೂ ಕೊಡಬಹುದು, ನೋಡಬೇಕಾದದ್ದು ಒಳಗಿನ ಮಾತನ್ನು. ಮೂರು ವರ್ಷದ ಲಾಕಿನ್ ಇತ್ತು, ಅದರೊಳಗೆ ಬಿಟ್ಟರೆ ಹಣ ಕಟ್ಟಬೇಕು. ಮಾತಾಡಲು ಬಂದ ಹುಡುಗ ಎರಡು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ: ‘ಅಪ್‌ಟೈಮ್ 99.5 ಶೇಕಡಾ’, ಅಂದರೆ ಲೈನ್ ನಡೆಯುತ್ತಿರುವ ಸಮಯ ಅಷ್ಟು, ಮತ್ತು ‘ರೆಸ್ಪಾನ್ಸ್ 4 ಗಂಟೆಯೊಳಗೆ’. ನನಗೆ ಅಷ್ಟೇ ಸಾಕಾಯಿತು.

ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ ಲೈನ್ ಹೋಯಿತು. ಮಳೆ ಜೋರಿತ್ತು. ರಸ್ತೆ ಕೆಲಸದ ಜೆಸಿಬಿ ಕೇಬಲ್ ಕಡಿದದ್ದು ಅಂತ ಆಮೇಲೆ ಗೊತ್ತಾಯಿತು. ಪೆರ್ಲದ ಅಂಗಡಿಯಲ್ಲಿ ಆಗ ಒಂಬತ್ತು ಮಂದಿ ಚಾಲಿ ಅಡಿಕೆ ತಂದು ನಿಂತಿದ್ದರು. ತೂಕ ಹಾಕಿ, ಗೋಣಿ ಲೆಕ್ಕ ಮಾಡಿ, ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಕೊಟ್ಟೆವು. ಎರಡು ಚೀಟಿ ಒದ್ದೆಯಾಗಿ ಅಕ್ಷರವೇ ಕಾಣಿಸದ ಹಾಗಾಯಿತು. ಅದರಲ್ಲಿ ಒಬ್ಬರಿಗೆ ಎಷ್ಟು ಕಿಲೋ ಹೊಸ ಚಾಲಿ, ಎಷ್ಟು ಹಳೆ ಚಾಲಿ ಅಂತ ಇವತ್ತಿಗೂ ಸರಿಯಾಗಿ ತೀರ್ಮಾನ ಆಗಿಲ್ಲ. ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೇ ತರುವವರು ಅವರು. ನನಗೆ ಜಾಸ್ತಿ ನೋವಾದದ್ದು ಅಲ್ಲಿ.

ದೂರು ಕೊಡಲು ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಮುಕ್ಕಾಲು ಗಂಟೆ ಹೋಯಿತು. ಫೋನ್ ತೆಗೆದವರು ಮಲೆಯಾಳದಲ್ಲಿ ಚೆನ್ನಾಗಿಯೇ ಮಾತಾಡಿದರು. ನಮಗೂ ಮಲೆಯಾಳ ಬರುತ್ತದೆ, ತೊಂದರೆ ಭಾಷೆಯದ್ದಲ್ಲ. 11 ಗಂಟೆ 5 ನಿಮಿಷಕ್ಕೆ ಟಿಕೆಟ್ ದಾಖಲಾಯಿತು. ಎರಡೇ ನಿಮಿಷದಲ್ಲಿ ಮೊಬೈಲಿಗೆ ಮೆಸೇಜ್ ಬಂತು: ನಿಮ್ಮ ದೂರು ಸ್ವೀಕರಿಸಲಾಗಿದೆ. ಲೈನ್ ಸರಿಯಾದದ್ದು ಮರುದಿನ ಶುಕ್ರವಾರ ಸಂಜೆ 5 ಗಂಟೆ 10 ನಿಮಿಷಕ್ಕೆ. ಸರಿಯಾಗಿ 31 ಗಂಟೆ.

ಪರಿಹಾರ ಕೇಳಿ ಮೇಲ್ ಹಾಕಿದಾಗ ಬಂದ ಉತ್ತರ ನೋಡಿ ನಾನು ದಂಗಾದೆ. ಆ ತಿಂಗಳ ಅಪ್‌ಟೈಮ್ ನೂರು ಶೇಕಡಾ. ರೆಸ್ಪಾನ್ಸ್ ಸಮಯ ಎರಡು ನಿಮಿಷ. ಬಿಲ್ಲಿನಲ್ಲಿ ಕಳೆದು ಕೊಡಬೇಕಾದ ಕ್ರೆಡಿಟ್ ಸೊನ್ನೆ.

ನನ್ನ ಸೋದರಮಾವನ ಮಗ ಮಂಗಳೂರಿನಲ್ಲಿ ಇಂಥದ್ದೇ ಒಪ್ಪಂದ ನೋಡುವ ಕೆಲಸದಲ್ಲಿದ್ದಾನೆ. ಭಾನುವಾರ ಮನೆಗೆ ಬಂದವನ ಕೈಯಲ್ಲಿ ಕಾಗದ ಕೊಟ್ಟೆ. ಅರ್ಧ ಗಂಟೆ ಓದಿ, "ಭಾವಾ, ಇವರು ಸುಳ್ಳು ಹೇಳಿಲ್ಲ. ನೀವು ಸಹಿ ಹಾಕಿದ್ದೇ ಹೀಗೆ" ಅಂದ. ಅವನು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ರೆಸ್ಪಾನ್ಸ್’. ನಾನು ಅಂದುಕೊಂಡದ್ದು 4 ಗಂಟೆಯೊಳಗೆ ಸರಿ ಮಾಡುತ್ತಾರೆ ಅಂತ. ಒಪ್ಪಂದದ ಕೊನೆಯಲ್ಲಿ ಶಬ್ದಗಳ ಅರ್ಥ ಬರೆದ ಪುಟ ಇರುತ್ತದೆ ಅಲ್ವಾ, ಅಲ್ಲಿ ರೆಸ್ಪಾನ್ಸ್ ಅಂದರೆ ‘ದೂರು ಸ್ವೀಕರಿಸಿದ್ದೇವೆ ಎಂದು ತಿಳಿಸುವುದು’ ಅಂತ ಇತ್ತು. ತಾನಾಗಿ ಹೋಗುವ ಆ ಮೆಸೇಜೇ ರೆಸ್ಪಾನ್ಸ್. ಸರಿ ಮಾಡಿ ಕೊಡುವ ಸಮಯಕ್ಕೆ ಬೇರೆ ಹೆಸರು, ರೆಸಲ್ಯೂಷನ್. ನಮ್ಮ ಒಪ್ಪಂದದಲ್ಲಿ ಅದಕ್ಕೆ ಗಂಟೆಯೇ ಇರಲಿಲ್ಲ, ‘ಸಾಧ್ಯವಾದಷ್ಟು ಬೇಗ’ ಅಂತ ಮಾತ್ರ ಇತ್ತು.

ಆಮೇಲೆ ಆ 31 ಗಂಟೆ ಸೊನ್ನೆ ಆದ ಬಗೆ. ಅವರ ಲೆಕ್ಕ ಶುರುವಾಗುವುದು ಲೈನ್ ಹೋದಾಗ ಅಲ್ಲ, ಟಿಕೆಟ್ ದಾಖಲಾದಾಗ. ನಾನು ಫೋನಿನಲ್ಲಿ ಕಾದ ಹೊತ್ತು ಅಲ್ಲೇ ಹೋಯಿತು. ಮತ್ತೆ ಲೆಕ್ಕಕ್ಕೆ ಬರುವುದು ಕೆಲಸದ ಸಮಯ ಮಾತ್ರ, ಬೆಳಿಗ್ಗೆ 9ರಿಂದ ಸಂಜೆ 6. ಹಾಗಾಗಿ ಗುರುವಾರ 6 ಗಂಟೆ 55 ನಿಮಿಷ, ಶುಕ್ರವಾರ 8 ಗಂಟೆ 10 ನಿಮಿಷ. ಒಟ್ಟು 15 ಗಂಟೆ 5 ನಿಮಿಷಕ್ಕೆ ಇಳಿಯಿತು. ಉಳಿದದ್ದನ್ನು ತೆಗೆದದ್ದು ‘ಎಕ್ಸ್‌ಕ್ಲೂಷನ್’ ಎನ್ನುವ ಕಲಮು. ಮಳೆ, ಸಿಡಿಲು, ಮರ ಬೀಳುವುದು, ಕರೆಂಟ್ ಹೋಗುವುದು, ಮೂರನೆಯವರು ಕೇಬಲ್ ಕಡಿಯುವುದು, ಇವು ಯಾವುವೂ ಲೆಕ್ಕಕ್ಕಿಲ್ಲ. ನಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಲೈನ್ ಹೋಗುವುದು ಹೆಚ್ಚಾಗಿ ಇಂಥ ಕಾರಣಗಳಿಗೇ. ಅವನ್ನೆಲ್ಲ ಬಿಟ್ಟರೆ ಲೆಕ್ಕಕ್ಕೆ ಸಿಗುವುದಾದರೂ ಏನು?

ಎಲ್ಲಕ್ಕಿಂತ ಕಣ್ಣು ತಪ್ಪುವ ಮಾತು ಇನ್ನೊಂದಿದೆ. ಈ ಎಕ್ಸ್‌ಕ್ಲೂಷನ್ ಇಲ್ಲದೆ ಪೂರ್ತಿ 31 ಗಂಟೆ ಒಪ್ಪಿಕೊಂಡಿದ್ದರೂ ನಮಗೆ ಒಂದು ರೂಪಾಯಿ ಬರುತ್ತಿರಲಿಲ್ಲ. ಯಾಕೆಂದರೆ 99.5 ಶೇಕಡಾವನ್ನು ಅವರು ಅಳೆಯುವುದು ವರ್ಷದ ಸರಾಸರಿಯಲ್ಲಿ. 30 ದಿನದ ತಿಂಗಳಿಗೆ 720 ಗಂಟೆ, ಅರ್ಧ ಶೇಕಡಾ ಅಂದರೆ 3.6 ಗಂಟೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಇಷ್ಟೇ. ವರ್ಷಕ್ಕೆ 8,760 ಗಂಟೆ, ಅದರ ಅರ್ಧ ಶೇಕಡಾ 43.8 ಗಂಟೆ. ಅಷ್ಟನ್ನೂ ಒಂದೇ ಸಲ ತೆಗೆದುಕೊಂಡರೂ ಒಪ್ಪಂದ ಮುರಿದಂತಲ್ಲ. ಅದೇ 31 ಗಂಟೆಯನ್ನು ಎರಡು ಲೆಕ್ಕದಲ್ಲಿ ನೋಡಿ, ಮೇಲಿನದು 30 ದಿನಕ್ಕೆ, ಕೆಳಗಿನದು ವರ್ಷಕ್ಕೆ:

```
(720 - 31) / 720 × 100 = 95.69
(8760 - 31) / 8760 × 100 = 99.65
```

ಒಂದರಲ್ಲಿ ಸೋತದ್ದು ಇನ್ನೊಂದರಲ್ಲಿ ಪಾಸು. ಹಾಗಾಗಿ ಶೇಕಡಾ ಎಷ್ಟು ಅಂತ ಕೇಳಿದ ಕೂಡಲೇ ಎಷ್ಟು ದಿನದ ಮೇಲೆ ಅಂತಲೂ ಕೇಳಿ. ಎಲ್ಲಿ ಅಳೆಯುತ್ತಾರೆ ಅಂತಲೂ ಕೇಳಿ. ನಮ್ಮದರಲ್ಲಿ ಅಳತೆ ನಡೆಯುತ್ತಿದ್ದದ್ದು ಕಾಸರಗೋಡು ಪೇಟೆಯಲ್ಲಿರುವ ಅವರ ಪೆಟ್ಟಿಗೆಯಲ್ಲಿ. ಅಲ್ಲಿ ಬೆಳಕು ಉರಿಯುತ್ತಿದ್ದರೆ ಲೈನ್ ಇದೆ ಅಂತಲೇ ಲೆಕ್ಕ. ಅಲ್ಲಿಂದ ನಮ್ಮ ಅಂಗಡಿಯ ತನಕದ ಕೇಬಲ್ ಅಳತೆಯ ಒಳಗೇ ಇರಲಿಲ್ಲ.

ದಂಡದ ಕಲಮಿನ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ, ಅದರಲ್ಲಿ ಇದ್ದದ್ದೇ ಅಷ್ಟು. ವರ್ಷದ 99.5 ತಪ್ಪಿದರೆ ಮಾತ್ರ, ಲೆಕ್ಕಕ್ಕೆ ಬರುವ ಪ್ರತಿ ಪೂರ್ತಿ 24 ಗಂಟೆಗೆ ಒಂದು ದಿನದ ಬಾಡಿಗೆ, ಅಂದರೆ 400 ರೂಪಾಯಿ. ಅದೂ ನಾವೇ 7 ದಿನದೊಳಗೆ ಬರೆದು ಕೇಳಬೇಕು. ನಾನು ಕೇಳಿದ್ದು 12ನೇ ದಿನ. ಕೆಳಗೆ ಇನ್ನೊಂದು ಸಾಲು: ಈ ಕ್ರೆಡಿಟ್ ಬಿಟ್ಟು ಬೇರೆ ಯಾವ ಪರಿಹಾರವನ್ನೂ ಗ್ರಾಹಕರು ಕೇಳುವಂತಿಲ್ಲ. ಇದನ್ನು ನೋಡಿದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಮಾಡಿ. ಲೈನ್ ಬಿಟ್ಟುಹೋಗುವ ಹಕ್ಕನ್ನೂ ಈ ಸಾಲು ಮುಚ್ಚುತ್ತದೆ ಅಂತ ಅವರು ನಮ್ಮ ಮೇಲೆ ವಾದ ಮಾಡಿದರು.

ಇನ್ನು ಎಸ್ಕಲೇಷನ್, ಅಂದರೆ ದೂರನ್ನು ಮೇಲಿನವರಿಗೆ ಒಯ್ಯುವ ಕ್ರಮ. ಮೊದಲ ಹಂತ ಟೋಲ್‌ಫ್ರೀ ನಂಬರು. ಎರಡನೆಯದರಲ್ಲಿ ‘ಏರಿಯಾ ಮ್ಯಾನೇಜರ್’ ಅಂತ ಹುದ್ದೆ ಮಾತ್ರ, ನಂಬರಿಲ್ಲ. ಮೂರನೆಯದರಲ್ಲಿ ಒಂದು ಮೇಲ್ ವಿಳಾಸ. ಎಷ್ಟು ಹೊತ್ತಾದ ಮೇಲೆ ಒಂದು ಹಂತದಿಂದ ಮೇಲಿನ ಹಂತಕ್ಕೆ ಹೋಗಬೇಕು ಅಂತ ಎಲ್ಲೂ ಬರೆದಿಲ್ಲ. ಗುರುವಾರ ರಾತ್ರಿ ನಾನು ಕೊನೆಗೆ ಫೋನ್ ಮಾಡಿದ್ದು ಲೈನ್ ಮಾರಿದ ಆ ಹುಡುಗನಿಗೆ. ಪಾಪ, ಅವನು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು.

ಲಾಕಿನ್ ಮುಗಿಯುವವರೆಗೆ ಸಹಿಸಿಕೊಂಡೆವು. ನವೀಕರಣಕ್ಕೆ ಬಂದಾಗ ಮಾತ್ರ ಅವರ ಕಾಗದಕ್ಕೆ ಸಹಿ ಹಾಕಲಿಲ್ಲ. ಮಂಗಳೂರಿನ ಆ ಭಾವನೇ ಕೂತು ಬರೆಸಿದ. ಕಲಮುಗಳು ಹೆಚ್ಚು ಕಡಿಮೆ ಹೀಗಿವೆ, ಬೇಕಾದವರು ಬಳಸಿಕೊಳ್ಳಿ.

‘ಕಂಪನಿಯ ಮಾನಿಟರಿಂಗಿನಲ್ಲಿ ಅಲಾರಂ ಬಂದದ್ದು ಅಥವಾ ಗ್ರಾಹಕರು ತಿಳಿಸಿದ್ದು, ಯಾವುದು ಮೊದಲೋ ಆ ಕ್ಷಣದಿಂದ ಗ್ರಾಹಕರ ಅಂಗಡಿಯ ರೂಟರಿನಲ್ಲಿ ಸಂಪರ್ಕ ಮರಳಿ ಬರುವ ತನಕ, ಹಗಲು ರಾತ್ರಿ ರಜೆ ಎನ್ನದೆ, ಪೂರ್ತಿ ಸಮಯ ಲೆಕ್ಕಕ್ಕೆ ಸೇರುತ್ತದೆ. ಅಪ್‌ಟೈಮನ್ನು ಪ್ರತಿ ಕ್ಯಾಲೆಂಡರ್ ತಿಂಗಳಿಗೆ ಬೇರೆ ಬೇರೆಯಾಗಿ ಅಳೆಯಬೇಕು.’

ದಂಡಕ್ಕೆ ಮೆಟ್ಟಿಲು ಮಾಡಿದೆವು. ತಿಂಗಳ ಅಪ್‌ಟೈಮ್ 99.5ಕ್ಕಿಂತ ಇಳಿದರೆ ಬಾಡಿಗೆಯ 10 ಶೇಕಡಾ, 98ಕ್ಕಿಂತ ಇಳಿದರೆ 25, 96ಕ್ಕಿಂತ ಇಳಿದರೆ 50. ನಾವು ಕೇಳಬೇಕಾಗಿಲ್ಲ, ಮುಂದಿನ ಬಿಲ್ಲಿನಲ್ಲಿ ಅವರೇ ಕಳೆಯಬೇಕು. ಆ ಜುಲೈಯ ಪೂರ್ತಿ 31 ಗಂಟೆಗೆ ಇದನ್ನು ಹಾಕಿ ನೋಡಿದರೆ 6,000 ರೂಪಾಯಿ ಆಗುತ್ತಿತ್ತು. ಇನ್ನೂ ದೊಡ್ಡ ಮೊತ್ತ ಬರೆಸೋಣ ಅಂತ ನನಗಿತ್ತು. ಭಾವ ಬೇಡ ಅಂದ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ, ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಸುಮ್ನೆ ಲಕ್ಷ ಬರೆದರೆ ಲಕ್ಷ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದನ್ನು ಕೇಳಿ ಪಡೆದೆವು: ಆರು ತಿಂಗಳಲ್ಲಿ ಎರಡು ತಿಂಗಳು 98ಕ್ಕಿಂತ ಕೆಳಗೆ ಹೋದರೆ ಲಾಕಿನ್ ಹಣ ಕೊಡದೆ ನಾವು ಲೈನ್ ಬಿಡಬಹುದು.

ಎಸ್ಕಲೇಷನ್ ಈಗ ಗಡಿಯಾರಕ್ಕೆ ಕಟ್ಟಿದೆ. 2 ಗಂಟೆಯಲ್ಲಿ ಸರಿಯಾಗದಿದ್ದರೆ ಏರಿಯಾ ಮ್ಯಾನೇಜರಿಗೆ, 4 ಗಂಟೆಗೆ ಅವರ ಮೇಲಿನವರಿಗೆ ಕಂಪನಿಯೇ ತಿಳಿಸಬೇಕು, ಗಂಟೆಗೊಮ್ಮೆ ನಮಗೆ ಸುದ್ದಿ ಕೊಡಬೇಕು. ಹುದ್ದೆಯ ಪಕ್ಕದಲ್ಲಿ ಫೋನ್ ನಂಬರ್ ಇದೆ, ನಂಬರ್ ಬದಲಾದರೆ ಮೂರು ದಿನದೊಳಗೆ ಬರೆದು ತಿಳಿಸಬೇಕು.

ಒಂದು ವಿಷಯ ಮಾತ್ರ ಅವರು ಪೂರ್ತಿ ಒಪ್ಪಲಿಲ್ಲ, ಜೆಸಿಬಿಯ ವಿಷಯ. ಬೇರೆಯವರು ಕಡಿದದ್ದಕ್ಕೆ ನಾವು ಹೇಗೆ ಹೊಣೆ ಅಂತ ಅವರ ವಾದ, ಅದರಲ್ಲೂ ಸತ್ಯ ಇದೆ. ಕೊನೆಗೆ ನಿಂತದ್ದು ಹೀಗೆ: ಮೂರನೆಯವರು ಕಡಿದರೆ ಮೊದಲ 8 ಗಂಟೆ ಲೆಕ್ಕಕ್ಕಿಲ್ಲ, ಅದಕ್ಕೆ ಫೋಟೊ ಮತ್ತು ಸ್ಥಳದ ವಿವರ ಅವರೇ ಕೊಡಬೇಕು, 9ನೇ ಗಂಟೆಯಿಂದ ಮಾಮೂಲಿ ಲೆಕ್ಕ. ಆ 8 ಗಂಟೆಗೆ ಅಂತ ನಾವು ಬೇರೆ ದಾರಿಯಲ್ಲಿ ಬರುವ ಇನ್ನೊಂದು ಸಣ್ಣ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡಿದ್ದೇವೆ. ಎರಡೂ ಒಂದೇ ಕಂಬದ ಮೇಲೆ ಬರುತ್ತಿಲ್ಲ ಅಂತ ಅಂಗಡಿಯಿಂದ ಪೇಟೆಯ ತನಕ ನಡೆದು ನೋಡಿಯೇ ಹಾಕಿಸಿದ್ದು. ಲೈನ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ರೂಟರ್ ಲಾಗಿನಿಂದ ತೆಗೆದು ಪ್ರತಿ ತಿಂಗಳ 1ನೇ ತಾರೀಕು ಅವರ ವರದಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಕಳೆದ ತಿಂಗಳು 40 ನಿಮಿಷ ವ್ಯತ್ಯಾಸ ಇತ್ತು. ಲಾಗ್ ಕಳಿಸಿದೆ, ತಿದ್ದಿದರು.